ತೀರಿಕೊಂಡವರ ಹೆಸರಿನಲ್ಲಿರುವ ಮೊಬೈಲ್ ನಂಬರನ್ನು ಮನೆಯವರ ಹೆಸರಿಗೆ ಮಾಡಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಬಹಳಷ್ಟು ಮನೆಗಳಲ್ಲಿ ಯಜಮಾನರ ಒಂದೇ ಮೊಬೈಲ್ ನಂಬರು ಬ್ಯಾಂಕ್ ಖಾತೆ, ಗ್ಯಾಸ್, ಹೆಸ್ಕಾಂ ಬಿಲ್ಲು, ಸೊಸೈಟಿ ಲೆಕ್ಕ, ಮನೆಮಂದಿಯ ಆಧಾರ್ ಎಲ್ಲದಕ್ಕೂ ಜೋಡಣೆಯಾಗಿರುತ್ತದೆ. ಆ ವ್ಯಕ್ತಿ ತೀರಿಕೊಂಡ ಮೇಲೆ ನಂಬರನ್ನು ಉಳಿಸಿಕೊಳ್ಳುವುದು ಹೇಗೆ, ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದೇ ಈ ಪುಟದ ವಿಷಯ. ಮುಖ್ಯವಾಗಿ ಪ್ರೀಪೇಯ್ಡ್ ನಂಬರನ್ನು ಎದುರಿಗಿಟ್ಟುಕೊಂಡು ಉತ್ತರಿಸಲಾಗಿದೆ. ಮನೆಯವರು ಪರದೇಶಕ್ಕೆ ಹೋಗಿ ನೆಲೆಸಿದಾಗ ಬರುವ ಪ್ರಶ್ನೆಗೂ ಕೊನೆಯ ಕಡೆಗೆ ಉತ್ತರವಿದೆ.

ತಂದೆಯವರ ಸಿಮ್ಮನ್ನು ಹಾಗೆಯೇ ರೀಚಾರ್ಜ್ ಮಾಡಿಕೊಂಡು ಬಳಸಿದರೆ ಏನು ತೊಂದರೆ?

ಕೆಲವು ತಿಂಗಳು ಏನೂ ತೊಂದರೆ ಕಾಣಿಸುವುದಿಲ್ಲ, ಆದ್ದರಿಂದಲೇ ಹೆಚ್ಚಿನವರು ಈ ಕೆಲಸವನ್ನು ಮುಂದೂಡುತ್ತಾರೆ. ತೊಂದರೆ ಎದುರಾಗುವುದು ಸಿಮ್ ಕೆಟ್ಟ ದಿನ ಅಥವಾ ಫೋನು ಕಳೆದ ದಿನ. ಬದಲಿ ಸಿಮ್ ಬೇಕೆಂದರೆ ನಂಬರು ಯಾರ ಹೆಸರಿನಲ್ಲಿದೆಯೋ ಅವರೇ ತಮ್ಮ ಗುರುತಿನ ದಾಖಲೆಯೊಂದಿಗೆ ಅಂಗಡಿಗೆ ಬಂದು, ಅಲ್ಲಿಯೇ ಫೋಟೋ ತೆಗೆಸಿಕೊಳ್ಳಬೇಕಾಗುತ್ತದೆ. ಬೇರೆ ಕಂಪನಿಗೆ ಪೋರ್ಟ್ ಮಾಡುವುದಕ್ಕೂ ಇದೇ ಅಡ್ಡಿ, ಏಕೆಂದರೆ ಪೋರ್ಟ್ ಆಗುವಾಗ ಹಳೆಯ ಕಂಪನಿಯಲ್ಲಿಯೂ ಹೊಸ ಕಂಪನಿಯಲ್ಲಿಯೂ ಗ್ರಾಹಕರು ಒಬ್ಬರೇ ಆಗಿರಬೇಕು. ಕಂಪನಿಯವರು ಹಳೆಯ ಗ್ರಾಹಕರ ದಾಖಲೆಗಳನ್ನು ಮರುಪರಿಶೀಲನೆಗೆ ಕೇಳಿದಾಗಲೂ ಉತ್ತರಿಸುವವರು ಇರುವುದಿಲ್ಲ. ಅಷ್ಟು ಹೊತ್ತಿಗೆ ಸಿಮ್ ಕೈಯಲ್ಲಿ ಇಲ್ಲದೆ, ಆ ನಂಬರಿಗೆ ಬರುವ ಒಟಿಪಿಯೂ ಸಿಗದೆ, ಹೆಸರು ವರ್ಗಾವಣೆ ಇನ್ನಷ್ಟು ಕಷ್ಟವಾಗುತ್ತದೆ. ಸಿಮ್ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಹೆಸರು ಬದಲಾಯಿಸಿಕೊಳ್ಳುವುದು ಲೇಸು ಎನ್ನಲು ಇದೇ ಕಾರಣ.

ಮರಣವಾದ ಮೊದಲ ವಾರಗಳಲ್ಲಿ ನಂಬರಿನ ಬಗ್ಗೆ ಏನು ಮಾಡಬೇಕು?

ಮಾಡಬೇಕಾದದ್ದು ಒಂದೇ: ನಂಬರನ್ನು ಚಾಲ್ತಿಯಲ್ಲಿಡಬೇಕು. ರೀಚಾರ್ಜ್ ಅವಧಿ ಯಾವತ್ತು ಮುಗಿಯುತ್ತದೆ ಎಂದು ನೋಡಿಕೊಂಡು, ಮುಗಿಯುವ ಮೊದಲೇ ಕಡಿಮೆ ಬೆಲೆಯದ್ದಾದರೂ ಒಂದು ರೀಚಾರ್ಜ್ ಹಾಕಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಮಾಡಿದ ನಿಯಮದಂತೆ, ಬಳಕೆಯಿಲ್ಲ ಎಂಬ ಕಾರಣ ಕೊಟ್ಟು ಪ್ರೀಪೇಯ್ಡ್ ನಂಬರನ್ನು 90 ದಿನಗಳಿಗಿಂತ ಮೊದಲು ಬಂದ್ ಮಾಡುವಂತಿಲ್ಲ. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಬ್ಯಾಲೆನ್ಸ್ ಇದ್ದರೆ ಆ 20 ರೂಪಾಯಿಯನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು. ಆದರೆ ಇದನ್ನೇ ನಂಬಿ ಕೂರುವುದು ಸರಿಯಲ್ಲ. ಪ್ಲಾನ್ ಮುಗಿದ ಮೇಲೆ ಕರೆ, ಸಂದೇಶಗಳು ಒಂದೊಂದಾಗಿ ನಿಲ್ಲುತ್ತವೆ, ಒಟಿಪಿ ಬರಲಿಲ್ಲವೆಂದರೆ ನಂಬರು ಹೆಸರಿಗೆ ಮಾತ್ರ ಜೀವಂತವಾಗಿದ್ದು ಪ್ರಯೋಜನವಿಲ್ಲ.

ಬಳಕೆ ಎಂದರೆ ಕರೆ, ಸಂದೇಶ ಅಥವಾ ಡೇಟಾ. ಸಿಮ್ಮನ್ನು ತೆಗೆದು ಕಪಾಟಿನಲ್ಲಿಟ್ಟರೆ, ಅಥವಾ ಸಿಗ್ನಲ್ ಸಿಗದ ಘಟ್ಟದ ಮನೆಯಲ್ಲಿ ಫೋನನ್ನು ಆನ್ ಮಾಡಿಟ್ಟಷ್ಟೇ ಆದರೆ ಬಳಕೆಯಾದಂತೆ ಆಗುವುದಿಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋದಾಗ ಆ ನಂಬರಿನಿಂದ ಒಂದು ಕರೆ ಮಾಡಿದರೆ ಸಾಕು.

ಫೋನಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ತೀರಿಕೊಂಡವರ ಫೋನಿನ ಲಾಕ್ ಗೊತ್ತಿಲ್ಲದಿದ್ದರೆ ಸಿಮ್ಮನ್ನು ಹೊರತೆಗೆದು ಬೇರೊಂದು ಸಾದಾ ಫೋನಿಗೆ ಹಾಕಬಹುದು. ಆಗ ಸಿಮ್ಮೇ ಪಿನ್ ಕೇಳಿದರೆ ಊಹೆಯ ಮೇಲೆ ಒತ್ತಬೇಡಿ. ಮೂರು ಬಾರಿ ತಪ್ಪಾದರೆ ಸಿಮ್ ಪಕ್ ಸಂಖ್ಯೆಯನ್ನು ಕೇಳುತ್ತದೆ. ಅದನ್ನು ಕಂಪನಿಯವರೇ ಕೊಡಬೇಕು, ಅದಕ್ಕೂ ಹೆಸರಿನವರ ವಿವರ ಕೇಳುತ್ತಾರೆ. ಪಕ್ ಹತ್ತು ಬಾರಿ ತಪ್ಪಾದರೆ ಆ ಸಿಮ್ ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ.

ಅವರ ಹೆಸರಿನಲ್ಲಿ ಬೇರೆ ನಂಬರುಗಳಿವೆಯೇ ಎಂದು ತಿಳಿಯುವುದು ಹೇಗೆ?

ದೂರಸಂಪರ್ಕ ಇಲಾಖೆಯ sancharsaathi.gov.in ಜಾಲತಾಣದಲ್ಲಿ, ತಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ನೋಡುವ ಒಂದು ವಿಭಾಗವಿದೆ. ಅಲ್ಲಿ ನಂಬರನ್ನು ಹಾಕಿ, ಆ ನಂಬರಿಗೆ ಬಂದ ಒಟಿಪಿಯನ್ನು ಕೊಟ್ಟರೆ, ಅದೇ ಗ್ರಾಹಕರ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳಲ್ಲಿರುವ ನಂಬರುಗಳೂ ಕೆಲವು ಅಂಕಿಗಳನ್ನು ಮರೆಮಾಡಿದ ರೂಪದಲ್ಲಿ ಕಾಣುತ್ತವೆ. ತೋಟದ ಮನೆಯ ಬಿಎಸ್ಸೆನ್ನೆಲ್ ಸಿಮ್, ತಾಯಿಯವರು ಬಳಸುತ್ತಿದ್ದರೂ ತಂದೆಯ ಹೆಸರಿನಲ್ಲಿಯೇ ತೆಗೆದ ಸಿಮ್, ಓದಲು ಹೋದ ಮಗಳಿಗೆ ಕೊಡಿಸಿದ ಸಿಮ್ ಮುಂತಾದವು ಹೀಗೆ ಬೆಳಕಿಗೆ ಬರುತ್ತವೆ. ಒಬ್ಬರ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ಸಂಪರ್ಕಗಳವರೆಗೆ ಇರಬಹುದಾದ್ದರಿಂದ, ಮನೆಯ ಎಲ್ಲ ಸಿಮ್‌ಗಳೂ ಯಜಮಾನರ ಹೆಸರಿನಲ್ಲಿಯೇ ಇರುವುದು ಅಪರೂಪವಲ್ಲ.

ಈ ಪರಿಶೀಲನೆಯನ್ನು ಹೆಸರು ವರ್ಗಾವಣೆಗೆ ಮೊದಲೇ ಮಾಡಬೇಕು. ನಂಬರು ನಿಮ್ಮ ಹೆಸರಿಗೆ ಬಂದ ಮೇಲೆ ಅದೇ ನಂಬರಿನಿಂದ ಒಳಹೊಕ್ಕರೆ ನಿಮ್ಮ ಹೆಸರಿನ ಪಟ್ಟಿ ಕಾಣುತ್ತದೆಯೇ ಹೊರತು ಅವರದ್ದಲ್ಲ. ಪಟ್ಟಿಯನ್ನು ನೋಡಿ ಬರೆದಿಟ್ಟುಕೊಂಡು ಹೊರಬನ್ನಿ. ಪ್ರತಿ ನಂಬರಿನ ಜೊತೆ ಕಾಣುವ Not My Number ಅಥವಾ Not Required ಎಂಬುದನ್ನು ಕುತೂಹಲಕ್ಕೂ ಒತ್ತಬೇಡಿ. ಹಾಗೆ ಒತ್ತಿ ವರದಿ ಕಳಿಸಿದರೆ ಆ ನಂಬರು ಬಂದ್ ಆಗುವ ದಾರಿ ಹಿಡಿಯುತ್ತದೆ.

ಯಾರ ಹೆಸರಿಗೆ ಮಾಡಿಸಬಹುದು? ಸೊಸೆಯ ಹೆಸರಿಗೆ ಆಗುತ್ತದೆಯೇ?

ಮೊಬೈಲ್ ನಂಬರನ್ನು ಇಷ್ಟ ಬಂದವರ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಗ್ರಾಹಕರ ಪರಿಶೀಲನೆಯ ಬಗ್ಗೆ ದೂರಸಂಪರ್ಕ ಇಲಾಖೆ 2012ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹೆಸರು ವರ್ಗಾವಣೆಗೆ ಅವಕಾಶವಿರುವುದು ರಕ್ತಸಂಬಂಧಿಗಳಿಗೆ ಮತ್ತು ಕಾನೂನುಬದ್ಧ ವಾರಸುದಾರರಿಗೆ. ಹೆಂಡತಿ, ಮಗ, ಮಗಳು, ತಾಯಿ ಇವರು ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪುರುಷನೊಬ್ಬನ ಮೊದಲ ವರ್ಗದ ವಾರಸುದಾರರು, ಆದ್ದರಿಂದ ಅವರಿಗೆ ಅಡ್ಡಿಯಿಲ್ಲ. ಬೇರೆ ಧರ್ಮದವರ ವೈಯಕ್ತಿಕ ಕಾನೂನುಗಳಲ್ಲಿಯೂ ಹೆಂಡತಿ, ಮಕ್ಕಳು ವಾರಸುದಾರರೇ.

ಮಾವನವರ ನಂಬರನ್ನು ಸೊಸೆ ಬಳಸುತ್ತಿರುವ ಮನೆಗಳಲ್ಲಿ ತೊಡಕಾಗುತ್ತದೆ. ಗಂಡ ಬದುಕಿರುವ ಸೊಸೆ ರಕ್ತಸಂಬಂಧಿಯೂ ಅಲ್ಲ, ವಾರಸುದಾರಳೂ ಅಲ್ಲ, ಹಾಗಾಗಿ ನಂಬರನ್ನು ಮೊದಲು ಮಗನ ಹೆಸರಿಗೆ ಮಾಡಿಸುವುದೇ ನೇರವಾದ ದಾರಿ. ಅಳಿಯನ ವಿಷಯದಲ್ಲಿ ಮಗಳ ಹೆಸರಿಗೆ ಮಾಡಿಸಬೇಕು. ಅಂಗಡಿಯ ಪಾಲುದಾರರು, ದೋಣಿಯ ತಾಂಡೇಲರು, ಬಾಡಿಗೆದಾರರು ಎಷ್ಟು ವರ್ಷದಿಂದ ಆ ನಂಬರನ್ನು ಬಳಸಿದ್ದರೂ ಅವರ ಹೆಸರಿಗೆ ಬರುವುದಿಲ್ಲ.

ಯಾವ ದಾಖಲೆಗಳು ಬೇಕು? ಮರಣ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಮೂರು ಸಂಗತಿಗಳನ್ನು ದಾಖಲೆಯಿಂದ ತೋರಿಸಬೇಕು: ನಂಬರಿನ ಹೆಸರಿನವರು ತೀರಿಕೊಂಡಿದ್ದಾರೆ, ನೀವು ಅವರಿಗೆ ಇಂಥ ಸಂಬಂಧ, ಮತ್ತು ನೀವು ಯಾರು. ಇದಲ್ಲದೆ ಕೆಲವು ಕಂಪನಿಗಳು ಉಳಿದ ವಾರಸುದಾರರಿಂದ ಆಕ್ಷೇಪಣೆಯಿಲ್ಲ ಎಂಬ ಪತ್ರವನ್ನೂ ಕೇಳುತ್ತವೆ. ಒಂದು ಹಾಳೆಯಲ್ಲಿ ನಂಬರು, ತೀರಿಕೊಂಡವರ ಹೆಸರು, ಯಾರ ಹೆಸರಿಗೆ ಮಾಡಬೇಕು ಎಂಬುದನ್ನು ಬರೆದು, ಎಲ್ಲರ ಸಹಿ ಹಾಕಿಸಿ, ಅವರವರ ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿಕೊಂಡು ಹೋದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ.

ಮರಣ ನೋಂದಣಿಯಾಗುವುದು ತೀರಿಕೊಂಡವರ ಊರಿನಲ್ಲಲ್ಲ, ಮರಣ ಸಂಭವಿಸಿದ ಜಾಗದಲ್ಲಿ. ನಮ್ಮ ಜಿಲ್ಲೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಕಾಯಿಲೆ ಜೋರಾದಾಗ ನಾವು ಹೋಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ. ಕುಮಟೆಯವರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿಯಾಗುವುದು ಉಡುಪಿಯಲ್ಲಿ. ಕಾರವಾರದವರು ಬಾಂಬೋಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಗೋವಾ ರಾಜ್ಯದ್ದು. ಎರಡೂ ಸಮಾನವಾಗಿ ನಡೆಯುತ್ತವೆ, ಆದರೆ ಪದೇ ಪದೇ ಅಷ್ಟು ದೂರ ಹೋಗಲು ಆಗುವುದಿಲ್ಲವಾದ್ದರಿಂದ ಮೊದಲ ಸಲವೇ ನಾಲ್ಕೈದು ಪ್ರತಿಗಳನ್ನು ತೆಗೆದುಕೊಳ್ಳಿ. ಮನೆಯಲ್ಲಿಯೇ ಮರಣವಾಗಿದ್ದರೆ 21 ದಿನಗಳ ಒಳಗೆ ಮನೆಯವರೇ ತಿಳಿಸಬೇಕು. ಹಳ್ಳಿಗಳಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ ಬಳಿ ಅಥವಾ ಪಂಚಾಯತಿಯಲ್ಲಿ ವಿಚಾರಿಸಿ; ಕಾರವಾರ, ಶಿರಸಿಯಂಥ ಪಟ್ಟಣಗಳಲ್ಲಿ ನಗರಸಭೆಗೆ ಹೋಗಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಸಂಬಂಧ ತೋರಿಸಲು ಪಡಿತರ ಚೀಟಿ ಎಲ್ಲಕ್ಕಿಂತ ಸುಲಭ, ಅದರಲ್ಲಿ ಇಬ್ಬರ ಹೆಸರೂ ಇರುತ್ತದೆ. ಮಕ್ಕಳಿಗೆ ಪಾನ್ ಕಾರ್ಡಿನಲ್ಲಿ ತಂದೆಯ ಹೆಸರಿದೆ. ಹೆಂಡತಿಗೆ ಮತದಾರರ ಗುರುತಿನ ಚೀಟಿಯಲ್ಲಿ ಗಂಡನ ಹೆಸರಿರುವುದು ಸಾಮಾನ್ಯ. ಆಧಾರನ್ನೇ ನೆಚ್ಚಬೇಡಿ, ಇತ್ತೀಚಿನ ಕಾರ್ಡುಗಳಲ್ಲಿ ಸಂಬಂಧದ ಬದಲು C/O ಎಂದಷ್ಟೇ ಇರುತ್ತದೆ. ಇವು ಯಾವುವೂ ಸಾಲದು ಎಂದರೆ ಹೋಬಳಿಯ ನಾಡಕಚೇರಿಯಲ್ಲಿ ವಂಶವೃಕ್ಷ ಅಥವಾ ಕುಟುಂಬದ ಜೀವಂತ ಸದಸ್ಯರ ದೃಢೀಕರಣಕ್ಕೆ ಅರ್ಜಿ ಹಾಕಬಹುದು. ಆಸ್ತಿಯ ಖಾತೆ ಬದಲಾವಣೆಗೂ ಅದು ಬೇಕೇ ಬೇಕಾಗುವುದರಿಂದ ಶ್ರಮ ವ್ಯರ್ಥವಾಗುವುದಿಲ್ಲ. ಆದರೆ ಮೊಬೈಲ್ ನಂಬರೊಂದಕ್ಕಾಗಿಯೇ ಅದು ಬರುವವರೆಗೆ ಕಾಯುವ ಅಗತ್ಯವಿಲ್ಲ. ಪಡಿತರ ಚೀಟಿಯೊಂದಿಗೆ ಒಮ್ಮೆ ಕೇಳಿ ನೋಡಿ.

ಇಡೀ ಕೆಲಸ ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಿಂದ ಹೇಳಬಹುದೇ?

ಹೊನ್ನಾವರ ತಾಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಮಣಿಪಾಲದಲ್ಲಿ ತೀರಿಕೊಂಡಿದ್ದಾರೆ. ಅವರ ಪ್ರೀಪೇಯ್ಡ್ ನಂಬರಿಗೆ ಹಾಕಿಸಿದ್ದು 84 ದಿನಗಳ ರೀಚಾರ್ಜ್, ಅದರಲ್ಲಿ 50 ದಿನ ಕಳೆದಿವೆ. ಅಂದರೆ 34 ದಿನ ಉಳಿದಿವೆ. ನಂಬರನ್ನು ಹೆಂಡತಿಯ ಹೆಸರಿಗೆ ಮಾಡಿಸಬೇಕು.

ಮಗ ಹುಬ್ಬಳ್ಳಿಯಲ್ಲಿದ್ದಾನೆ, ಕಾರ್ಯ ಮುಗಿಸಿಕೊಂಡು ಹೋಗುವಾಗ ತಂದೆಯ ಫೋನನ್ನು ಜೊತೆಗೆ ಒಯ್ಯಲು ಹೊರಡುತ್ತಾನೆ. ಒಯ್ಯಬಾರದು. ತಾಯಿಯವರ ಆಧಾರ್‌ಗೆ ಜೋಡಣೆಯಾದ ನಂಬರೂ ಅದೇ ಆಗಿದ್ದರೆ, ಅವರ ಯಾವ ಕೆಲಸಕ್ಕೂ ಒಟಿಪಿ ಬರುವುದು ಆ ಫೋನಿಗೇ. ಸಿಮ್ ತಾಯಿಯವರ ಬಳಿಯೇ ಇರಬೇಕು, ಅಂಗಡಿಗೆ ಹೋಗುವಾಗಲೂ ಅದು ಕೈಯಲ್ಲಿರಬೇಕು.

ಹೋಗಬೇಕಾದದ್ದು ಕಂಪನಿಯದೇ ದೊಡ್ಡ ಮಳಿಗೆಗೆ ಅಥವಾ ಗ್ರಾಹಕ ಸೇವಾ ಕೇಂದ್ರಕ್ಕೆ. ರೀಚಾರ್ಜ್ ಮಾಡುವ, ಹೊಸ ಸಿಮ್ ಮಾರುವ ಸಣ್ಣ ಅಂಗಡಿಗಳಲ್ಲಿ ಹೆಸರು ವರ್ಗಾವಣೆಯ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಯಾರಾದರೂ ಮಾಡಿಸಿಕೊಡುತ್ತೇನೆ ಎಂದು ಮೂಲ ದಾಖಲೆಗಳನ್ನು ಮತ್ತು ಸಿಮ್ಮನ್ನು ಬಿಟ್ಟುಹೋಗಲು ಹೇಳಿದರೆ ಒಪ್ಪಬೇಡಿ.

ಮಳಿಗೆಯಲ್ಲಿ ಮೊದಲು ಎದುರಾಗುವ ತೊಡಕು ಹೆಸರಿನದು. ಕಂಪನಿಯ ದಾಖಲೆಯಲ್ಲಿ ನಾಯ್ಕ ಎಂದು ಇಂಗ್ಲಿಷಿನಲ್ಲಿ Naik ಎಂದಿದೆ, ಮರಣ ಪ್ರಮಾಣಪತ್ರದಲ್ಲಿ Nayak ಎಂದಾಗಿದೆ, ಒಂದರಲ್ಲಿ ತಂದೆಯ ಹೆಸರು ಪೂರ್ತಿಯಾಗಿ ನಡುವೆ ಬಂದಿದೆ, ಇನ್ನೊಂದರಲ್ಲಿ ಒಂದೇ ಅಕ್ಷರವಿದೆ. ನಮ್ಮ ಕಡೆಯ ಹೆಗಡೆ, ಗೌಡ, ನಾಯ್ಕರ ಮನೆಗಳಲ್ಲಿ ಈ ವ್ಯತ್ಯಾಸವಿಲ್ಲದ ದಾಖಲೆಗಳೇ ಕಡಿಮೆ. ತೀರಿಕೊಂಡವರ ಆಧಾರ್ ಪ್ರತಿಯಲ್ಲಿ ಫೋಟೋ, ವಿಳಾಸ, ಜನ್ಮದಿನಾಂಕ ತಾಳೆಯಾದರೆ ಹೆಚ್ಚಿನ ಕಡೆ ಅಷ್ಟಕ್ಕೆ ಒಪ್ಪುತ್ತಾರೆ. ಒಪ್ಪದಿದ್ದರೆ ಈ ಎರಡು ಹೆಸರುಗಳು ಒಬ್ಬರದ್ದೇ ಎಂದು ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಿ ಕೊಡಬೇಕು. ಎಲ್ಲಕ್ಕಿಂತ ಒಳ್ಳೆಯದು, ಆಸ್ಪತ್ರೆಯಲ್ಲಿ ಮರಣದ ವಿವರ ಬರೆಸುವಾಗಲೇ ಬಾಯಿಮಾತಿನಲ್ಲಿ ಹೇಳದೆ ಆಧಾರ್ ಕಾರ್ಡನ್ನೇ ತೋರಿಸಿ ಅಕ್ಷರ ಅಕ್ಷರ ನೋಡಿ ಬರೆಸುವುದು. ಆ ಹೊತ್ತಿನಲ್ಲಿ ಇದನ್ನು ಗಮನಿಸುವ ಮನಃಸ್ಥಿತಿ ಮನೆಯವರಿಗೆ ಇರುವುದಿಲ್ಲ, ಆದ್ದರಿಂದ ಜೊತೆಗೆ ಹೋದ ನೆಂಟರು ಈ ಹೊಣೆ ಹೊರಬೇಕು.

ಎರಡನೆಯ ತೊಡಕು ಬೆರಳಚ್ಚು. ಹೆಂಡತಿಯ ಗುರುತನ್ನು ಆಧಾರ್ ಮೂಲಕ ದೃಢಪಡಿಸಲು ಯಂತ್ರದ ಮೇಲೆ ಬೆರಳು ಇಡಿಸುತ್ತಾರೆ. ವರ್ಷಗಟ್ಟಲೆ ಅಡಿಕೆ ಸುಲಿದ ಅಥವಾ ಮೀನು ಕೊಯ್ದ ಕೈಗಳ ಗೆರೆಗಳು ಸವೆದಿರುತ್ತವೆ, ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ. ಬೆರಳನ್ನು ಒರೆಸಿ, ಬೇರೆ ಬೇರೆ ಬೆರಳುಗಳನ್ನು ಇಟ್ಟು ನೋಡಬಹುದು. ಆದರೂ ಆಗದಿದ್ದರೆ ಮೂಲ ಗುರುತಿನ ಚೀಟಿಯ ಮತ್ತು ವ್ಯಕ್ತಿಯ ಫೋಟೋವನ್ನು ಅಲ್ಲಿಯೇ ತೆಗೆದು ಆ್ಯಪ್‌ನಲ್ಲಿ ಏರಿಸುವ ಡಿಜಿಟಲ್ ವಿಧಾನವೂ ಇದೆ, ಅದರಲ್ಲಿ ಮಾಡಿಕೊಡಿ ಎಂದು ಕೇಳಿ. 2024ರ ಜನವರಿಯಿಂದ ಕಾಗದದ ಅರ್ಜಿಯ ಪದ್ಧತಿ ನಿಂತಿದೆ, ಹಾಗಾಗಿ ಹೊಸ ಗ್ರಾಹಕರಾಗುವವರು ಖುದ್ದು ಹಾಜರಿರಲೇಬೇಕು. ಅರ್ಜಿಗೆ ಸಹಿ ಹಾಕಿ ಮಗನ ಕೈಯಲ್ಲಿ ಕಳಿಸಿದರೆ ನಡೆಯುವುದಿಲ್ಲ.

ಅರ್ಜಿ ಸಲ್ಲಿಕೆಯಾದ ಮೇಲೆ ವಿನಂತಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಉಳಿದ ರೀಚಾರ್ಜ್ ಅವಧಿ ಮುಂದುವರಿಯುತ್ತದೆಯೇ, ಹೊಸ ಸಿಮ್ ಕೊಡುತ್ತೀರಾ ಅಥವಾ ಇದೇ ಸಿಮ್ ಇರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನೂ ಅಲ್ಲಿಯೇ ಕೇಳಿ. ಹೊಸ ಸಿಮ್ ಕೊಟ್ಟರೆ ಅದು ಚಾಲೂ ಆದ ಮೇಲೆ 24 ಗಂಟೆಗಳವರೆಗೆ ಸಂದೇಶಗಳು ಬರುವುದಿಲ್ಲ, ಹೋಗುವುದೂ ಇಲ್ಲ. ಸಿಮ್ ಬದಲಿಸಿ ಹಣ ಎಗರಿಸುವ ಮೋಸವನ್ನು ತಡೆಯಲು ಇರುವ ಏರ್ಪಾಡು ಅದು. ಸಿಮ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಮತ್ತು ಒಟಿಪಿ ಬೇಕಾಗುವ ಯಾವ ಕೆಲಸವನ್ನೂ ಆ ದಿನಕ್ಕೆ ಇಟ್ಟುಕೊಳ್ಳಬೇಡಿ.

ಹೆಸರು ನಿಜವಾಗಿಯೂ ಬದಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಕೆಲವು ದಿನಗಳ ನಂತರ ಕಂಪನಿಯ ಆ್ಯಪ್‌ನಲ್ಲಿ ಗ್ರಾಹಕರ ಹೆಸರನ್ನು ನೋಡಿ, ಸಂಚಾರ್ ಸಾಥಿಯಲ್ಲಿ ಅದೇ ನಂಬರಿನಿಂದ ಮತ್ತೊಮ್ಮೆ ಒಳಹೊಕ್ಕು ನೋಡಿ. ಈಗ ಹೆಂಡತಿಯ ಹೆಸರಿನ ಸಂಪರ್ಕಗಳ ಪಟ್ಟಿ ಬಂದರೆ ವರ್ಗಾವಣೆ ಆಗಿದೆ. ಮೊದಲು ಬರೆದಿಟ್ಟುಕೊಂಡ ಪಟ್ಟಿಯೇ ಮತ್ತೆ ಬಂದರೆ ಬರೀ ಸಿಮ್ ಬದಲಾಗಿದೆ, ಹೆಸರು ಬದಲಾಗಿಲ್ಲ.

ನಂಬರು ನನ್ನ ಹೆಸರಿಗೆ ಬಂದರೆ ತಂದೆಯವರ ಬ್ಯಾಂಕ್ ಖಾತೆಯನ್ನು ನಾನು ಬಳಸಬಹುದೇ?

ಬಳಸುವಂತಿಲ್ಲ. ನಂಬರು ಯಾರ ಹೆಸರಿನಲ್ಲಿದೆ ಎಂಬುದಕ್ಕೂ ಖಾತೆಯ ಹಣ ಯಾರದ್ದು ಎಂಬುದಕ್ಕೂ ಸಂಬಂಧವಿಲ್ಲ. ಸಿಮ್ ಅದೇ ಫೋನಿನಲ್ಲಿ ಇರುವವರೆಗೆ ತೀರಿಕೊಂಡವರ ಯುಪಿಐ ಆ್ಯಪ್ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ, ಪಿನ್ ಗೊತ್ತಿದ್ದರೆ ಹಣವೂ ಹೋಗುತ್ತದೆ. ತಿಥಿಯ ಖರ್ಚಿಗೆಂದೋ ಆಸ್ಪತ್ರೆಯ ಬಾಕಿಗೆಂದೋ ಸದುದ್ದೇಶದಿಂದಲೇ ಹೀಗೆ ಹಣ ತೆಗೆದರೂ ಮುಂದೆ ಅಣ್ಣತಮ್ಮಂದಿರ, ಅಕ್ಕತಂಗಿಯರ ನಡುವೆ ತಕರಾರು ಎದ್ದಾಗ ಸಮರ್ಥಿಸಿಕೊಳ್ಳುವುದು ಕಷ್ಟ. ಖಾತೆದಾರರ ಮರಣದೊಂದಿಗೆ ಆ ಪಿನ್ ಬಳಸುವ ಹಕ್ಕೂ ಮುಗಿಯುತ್ತದೆ. ಇಬ್ಬರಲ್ಲಿ ಬದುಕಿರುವವರು ನಡೆಸಬಹುದೆಂಬ ಷರತ್ತಿನ ಜಂಟಿ ಖಾತೆಯಾಗಿದ್ದರೆ ಮಾತ್ರ ಮಾತು ಬೇರೆ. ಆಗಲೂ ಬ್ಯಾಂಕಿಗೆ ತಿಳಿಸಿಯೇ ಮುಂದುವರಿಯಬೇಕು.

ಆದ್ದರಿಂದ ಸರಿಯಾದ ಕ್ರಮ ಹೀಗಿದೆ. ನಂಬರನ್ನು ಚಾಲ್ತಿಯಲ್ಲಿಟ್ಟುಕೊಂಡು, ಮರಣ ಪ್ರಮಾಣಪತ್ರ ಬಂದ ಕೂಡಲೇ ಮೊದಲು ಬ್ಯಾಂಕಿನ ಶಾಖೆಗೆ ಹೋಗಿ ತಿಳಿಸಿ, ನಾಮಿನಿ ಇದ್ದರೆ ಅವರ ಮೂಲಕ ಹಣ ಪಡೆಯುವ ಅರ್ಜಿ ಕೊಡಿ. ಆ ನಂಬರಿಗೆ ಬರುವ ಬ್ಯಾಂಕಿನ, ವಿಮೆಯ, ಸೊಸೈಟಿಯ ಸಂದೇಶಗಳನ್ನು ಓದಿದರೆ ಮನೆಯವರಿಗೆ ಗೊತ್ತಿಲ್ಲದ ಖಾತೆಯೋ ವಿಮೆಯ ಕಂತೋ ತಿಳಿದುಬರಬಹುದು. ನಂಬರನ್ನು ಉಳಿಸಿಕೊಳ್ಳುವುದರ ಒಂದು ದೊಡ್ಡ ಲಾಭವೇ ಇದು. ಗ್ಯಾಸ್ ಸಂಪರ್ಕ, ಹೆಸ್ಕಾಂ ಮೀಟರು ಇವುಗಳ ಹೆಸರನ್ನು ಅವುಗಳದ್ದೇ ಕಚೇರಿಗಳಲ್ಲಿ ಬೇರೆಯಾಗಿ ಬದಲಾಯಿಸಬೇಕು, ಮೊಬೈಲ್ ನಂಬರಿನ ಹೆಸರು ಬದಲಾದ ಮಾತ್ರಕ್ಕೆ ಅವು ಬದಲಾಗುವುದಿಲ್ಲ. ಬ್ಯಾಂಕಿಗೆ ತಿಳಿಸಿದ ಮೇಲೆ ನಂಬರಿನ ವರ್ಗಾವಣೆ ಮಾಡಿಸಿದರೆ, ನಿಮ್ಮ ಹೆಸರಿನ ನಂಬರಿಗೆ ತೀರಿಕೊಂಡವರ ಖಾತೆಯ ಒಟಿಪಿ ಬರುವ ಇಕ್ಕಟ್ಟಿನ ಸ್ಥಿತಿಯೂ ಉಳಿಯುವುದಿಲ್ಲ.

ಸಿಮ್ ಗೋವಾದಲ್ಲಿ ತೆಗೆದದ್ದು. ಕಾರವಾರದಲ್ಲಿ ಹೆಸರು ಬದಲಾಯಿಸಬಹುದೇ?

ಮಾಜಾಳಿ, ಸದಾಶಿವಗಡದ ಕಡೆಯಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ದೂರಸಂಪರ್ಕದ ಲೆಕ್ಕದಲ್ಲಿ ಕಾರವಾರ ಕರ್ನಾಟಕ ವಲಯಕ್ಕೆ ಸೇರಿದೆ, ಗೋವಾ ಮಹಾರಾಷ್ಟ್ರದ ವಲಯಕ್ಕೆ ಸೇರಿದೆ. ರಾಜ್ಯದ ಗಡಿಯ ಈಚೆ ಆಚೆ ರೋಮಿಂಗಿನ ಖರ್ಚಿಲ್ಲದೆ ಮಾತಾಡುವುದರಿಂದ ಈ ಗಡಿ ನಮ್ಮ ಗಮನಕ್ಕೆ ಬರುವುದಿಲ್ಲ, ಆದರೆ ಗ್ರಾಹಕರ ದಾಖಲೆ ಇರುವುದು ಸಿಮ್ ತೆಗೆದ ವಲಯದಲ್ಲಿ. ಹಾಗಾಗಿ ಕಾರವಾರದ ಮಳಿಗೆಯಲ್ಲಿ ಆಗುವುದಿಲ್ಲ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಕಾಣಕೋಣ ಅಥವಾ ಮಡಗಾಂವಿನಲ್ಲಿರುವ ಅದೇ ಕಂಪನಿಯ ಮಳಿಗೆಯಲ್ಲಿ ವಿಚಾರಿಸಿ. ಹೆಸರು ನಿಮ್ಮದಾದ ಮೇಲೆ ನಂಬರನ್ನು ಕರ್ನಾಟಕಕ್ಕೆ ಪೋರ್ಟ್ ಮಾಡಿಕೊಳ್ಳಲು 2015ರ ಜುಲೈಯಿಂದ ದೇಶದಾದ್ಯಂತ ಅವಕಾಶವಿದೆ.

ಹೆಸರು ವರ್ಗಾವಣೆಯ ಜೊತೆಗೇ ಕಂಪನಿಯನ್ನೂ ಬದಲಾಯಿಸಬಹುದೇ?

ಒಟ್ಟಿಗೆ ಬೇಡ. ಹೆಸರು ಬದಲಾವಣೆಯ ಅರ್ಜಿ ಬಾಕಿಯಿರುವಾಗ ಪೋರ್ಟ್ ಮಾಡಲು ಹೊರಟರೆ ಅದನ್ನು ತಿರಸ್ಕರಿಸಲು ನಿಯಮದಲ್ಲಿಯೇ ಅವಕಾಶವಿದೆ. ಸಿಮ್ ಬದಲಿಸಿ ಏಳು ದಿನ ಕಳೆಯುವವರೆಗೆ ಪೋರ್ಟಿಂಗ್ ಕೋಡ್ ಕೂಡ ಸಿಗುವುದಿಲ್ಲ. ಮೊದಲು ಹೆಸರು, ಅದು ಖಚಿತವಾದ ಮೇಲೆ ಕಂಪನಿ.

ಪೋಸ್ಟ್‌ಪೇಯ್ಡ್ ಆಗಿದ್ದರೆ?

ದಾಖಲೆಗಳು ಇವೇ. ಬಾಕಿ ಬಿಲ್ಲನ್ನು ಕಟ್ಟಿದ ನಂತರವೇ ವರ್ಗಾವಣೆ ಮಾಡುತ್ತಾರೆ. ಭದ್ರತಾ ಠೇವಣಿ ಇದ್ದರೆ ಅದು ಹೊಂದಾಣಿಕೆಯಾಗುತ್ತದೆಯೇ ಎಂದು ಕೇಳಿ.

ಮಳಿಗೆಯವರು ಇದು ಆಗುವುದೇ ಇಲ್ಲ, ಹೊಸ ನಂಬರು ತೆಗೆದುಕೊಳ್ಳಿ ಎನ್ನುತ್ತಾರೆ. ಮುಂದೇನು?

ಹೊಸ ಸಿಮ್ ಮಾರುವುದು ಹತ್ತು ನಿಮಿಷದ ಕೆಲಸ, ಹೆಸರು ವರ್ಗಾವಣೆ ಹಾಗಲ್ಲ, ಆದ್ದರಿಂದ ಈ ಉತ್ತರ ಸುಲಭವಾಗಿ ಬರುತ್ತದೆ. ವಾದ ಮಾಡುವ ಬದಲು, ಯಾವ ದಾಖಲೆ ಕಡಿಮೆಯಾಗಿದೆ ಎಂದು ಬರೆದು ಕೊಡಿ ಎಂದು ಶಾಂತವಾಗಿ ಕೇಳಿ. ಕೊಡದಿದ್ದರೆ ಆ ಕಂಪನಿಯ ನಂಬರಿನಿಂದಲೇ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಿ. ಅದರಿಂದಲೂ ಪರಿಹಾರ ಸಿಗದಿದ್ದರೆ 30 ದಿನಗಳ ಒಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅವರು 39 ದಿನಗಳಲ್ಲಿ ತೀರ್ಮಾನಿಸಬೇಕೆಂದು ಟ್ರಾಯ್‌ನ 2012ರ ನಿಯಮ ಹೇಳುತ್ತದೆ. ಈ ಅವಧಿಯುದ್ದಕ್ಕೂ ರೀಚಾರ್ಜ್ ತಪ್ಪಬಾರದು. ದೂರು ಬಾಕಿಯಿದೆ ಎಂಬ ಕಾರಣಕ್ಕೆ ನಂಬರು ತಾನಾಗಿ ಉಳಿಯುವುದಿಲ್ಲ.

ಮಗ ಗಲ್ಫಿನಲ್ಲಿ ನೆಲೆಸಿದ್ದಾನೆ. ಅವನ ಹೆಸರಿನ ನಂಬರನ್ನು ನಾನು ಊರಿನಲ್ಲಿ ಬಳಸುತ್ತಿದ್ದೇನೆ. ನನ್ನ ಹೆಸರಿಗೆ ಮಾಡಿಸಬಹುದೇ?

ತಂದೆ ಅಥವಾ ತಾಯಿ ರಕ್ತಸಂಬಂಧಿಯಾದ್ದರಿಂದ ಮಾಡಿಸಬಹುದು. ಆದರೆ ಹೆಸರಿನವರು ಬದುಕಿರುವಾಗ ಅವರ ಒಪ್ಪಿಗೆ ಬೇಕೇ ಬೇಕು, ಮತ್ತು ಸಾಮಾನ್ಯವಾಗಿ ಕೊಡುವವರು, ಪಡೆಯುವವರು ಇಬ್ಬರೂ ಮಳಿಗೆಗೆ ಬರಲು ಹೇಳುತ್ತಾರೆ. ಭಟ್ಕಳ, ಹೊನ್ನಾವರದ ಕಡೆಯ ಮನೆಗಳಿಗೆ ನಮ್ಮ ಸಲಹೆಯೆಂದರೆ ಮಗ ರಜೆಗೆ ಬಂದ ಮೊದಲ ವಾರದಲ್ಲಿಯೇ ಈ ಕೆಲಸ ಇಟ್ಟುಕೊಳ್ಳಿ, ಕೊನೆಯ ವಾರಕ್ಕೆ ತಳ್ಳಬೇಡಿ. ದಾಖಲೆಯಲ್ಲಿ ಒಂದು ಅಕ್ಷರ ತಾಳೆಯಾಗದಿದ್ದರೂ ಇನ್ನೊಮ್ಮೆ ಬರಬೇಕಾಗುತ್ತದೆ. ಆ ನಂಬರು ಮಗನ ಊರಿನ ಬ್ಯಾಂಕ್ ಖಾತೆಗೂ ಆಧಾರ್‌ಗೂ ಜೋಡಣೆಯಾಗಿದ್ದರೆ, ಅವನು ಮೊದಲು ತನ್ನದೇ ಬೇರೊಂದು ನಂಬರನ್ನು ಅಲ್ಲಿಗೆ ಕೊಟ್ಟು, ಆಮೇಲೆ ಇದನ್ನು ಬಿಟ್ಟುಕೊಡಬೇಕು.

ನಮಗೆ ಆ ನಂಬರು ಬೇಡ. ಸಿಮ್ಮನ್ನು ಮುರಿದು ಎಸೆದರೆ ಸಾಲದೇ?

ಸಾಲದು. ಸಿಮ್ ಮುರಿದರೂ ನಂಬರು ಅವರ ಹೆಸರಿನಲ್ಲಿಯೇ ಉಳಿದು, ಬಳಕೆಯಿಲ್ಲದೆ ಬಂದ್ ಆಗಿ, ಕನಿಷ್ಠ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಹಂಚಿಕೆಯಾಗಬಹುದು. ಬ್ಯಾಂಕು, ಗ್ಯಾಸ್, ವಾಟ್ಸಾಪ್ ಯಾವುದರಲ್ಲಿಯೂ ನಂಬರನ್ನು ತೆಗೆಸದೆ ಬಿಟ್ಟರೆ ಆ ಸಂದೇಶಗಳು ಯಾರೋ ಅಪರಿಚಿತರಿಗೆ ಹೋಗುತ್ತವೆ. ಮೊದಲು ಮನೆಯ ಪ್ರತಿಯೊಬ್ಬರ ಆಧಾರ್‌ಗೆ ಯಾವ ನಂಬರಿದೆ ಎಂದು ನೋಡಿ, ಇದೇ ಇದ್ದರೆ ಆಧಾರ್ ಕೇಂದ್ರದಲ್ಲಿ ಬದಲಾಯಿಸಿ. ಬ್ಯಾಂಕಿನ ಮತ್ತು ಉಳಿದ ಕಡೆಯ ಕೆಲಸಗಳು ಮುಗಿದ ಮೇಲೆ ಆ ಫೋನಿನಲ್ಲಿ ವಾಟ್ಸಾಪ್ ಖಾತೆಯನ್ನು ಅಳಿಸಿ. ಎಲ್ಲಕ್ಕೂ ಕೊನೆಯಲ್ಲಿ ಮರಣ ಪ್ರಮಾಣಪತ್ರದೊಂದಿಗೆ ಮಳಿಗೆಗೆ ಹೋಗಿ ಸಂಪರ್ಕವನ್ನು ಮುಚ್ಚುವಂತೆ ಲಿಖಿತವಾಗಿ ಕೊಟ್ಟು, ಸ್ವೀಕೃತಿಯನ್ನು ಪಡೆದುಕೊಳ್ಳಿ.